ಹಳೆ ಪ್ರಶ್ನೆಪತ್ರಿಕೆ ಸರಿ, ಅದರ ಉತ್ತರ ಯಾವ ವರ್ಷದ್ದು?

ಹಗಲೆಲ್ಲ ಅಕೌಂಟ್ಸ್ ವಿಭಾಗದಲ್ಲಿ ಕೆಲಸ, ಸಂಜೆ ಅದೇ ಅಕೌಂಟ್ಸ್‌ನ ವೃತ್ತಿಪರ ಪರೀಕ್ಷೆಗೆ ಓದು. ಕೂರೋಕೆ ಸಿಗೋದು ಮುಕ್ಕಾಲು ಗಂಟೆ, ಅಷ್ಟೇ. ಮೂರು ಗಂಟೆಯ ಪತ್ರಿಕೆಯನ್ನು ಒಂದೇ ಸಲ ಬರೆಯುವ ಮಾತೇ ಇಲ್ಲ. ಆದರೆ ಹಾಗೆ ಬರೆಯಲೇಬೇಕು ಅಂತಲೂ ಇಲ್ಲ. 3 ಗಂಟೆಗೆ 100 ಅಂಕ ಅಂದರೆ ಒಂದು ಅಂಕಕ್ಕೆ 1.8 ನಿಮಿಷ, 20 ಅಂಕದ ಪ್ರಶ್ನೆಗೆ 36 ನಿಮಿಷ. ಒಂದು ಸಂಜೆಗೆ ಒಂದು ಪ್ರಶ್ನೆ ಸರಿಯಾಗಿ ಹಿಡಿಸುತ್ತದೆ.

36 ನಿಮಿಷ ಆದ ಕೂಡಲೇ ಉತ್ತರದ ಕೆಳಗೆ ಒಂದು ಗೆರೆ ಎಳೆಯುತ್ತೇನೆ. ಉಳಿದದ್ದನ್ನು ಗೆರೆಯ ಕೆಳಗೆ ಬರೆದು ಮುಗಿಸಬಹುದು, ಆದರೆ ಅದಕ್ಕೆ ಅಂಕ ಇಲ್ಲ. ತಿದ್ದುವುದು ಮಾರನೇ ಸಂಜೆ. ಅದೇ ಸಂಜೆ ಮಾದರಿ ಉತ್ತರ ತೆಗೆದರೆ ಏನಾಗುತ್ತೆ ಗೊತ್ತಲ್ವಾ? 'ಹೌದು ಹೌದು, ಇದು ನನಗೆ ಗೊತ್ತಿತ್ತು' ಅಂತ ಮನಸ್ಸು ತಾನೇ ಅಂಕ ಹಾಕಿಕೊಳ್ಳುತ್ತದೆ. ಒಂದು ದಿನ ಬಿಟ್ಟು ನೋಡಿದರೆ ಹಾಳೆಯ ಮೇಲೆ ಇರುವುದಷ್ಟೇ ಕಾಣುತ್ತದೆ.

ತಿದ್ದುವಾಗ ಮಾದರಿ ಉತ್ತರಕ್ಕಿಂತ ಅಂಕ ಹಂಚಿರುವ ಪಟ್ಟಿ ಮುಖ್ಯ. ಮೊದಲ ಹಂತದಲ್ಲಿ ಒಂದು ಮೊತ್ತ ತಪ್ಪಿದರೂ, ಆ ತಪ್ಪು ಮೊತ್ತವನ್ನೇ ಇಟ್ಟುಕೊಂಡು ಮುಂದಿನ ಲೆಕ್ಕ ಸರಿ ಮಾಡಿದ್ದರೆ ಸಾಮಾನ್ಯವಾಗಿ ಆ ಹಂತಗಳ ಅಂಕ ಸಿಗುತ್ತದೆ. ಷರತ್ತು ಒಂದೇ, ಲೆಕ್ಕ ಹಾಕಿದ ದಾರಿ ಹಾಳೆಯಲ್ಲಿ ಕಾಣಬೇಕು. ಸುಮ್ನೆ ಕ್ಯಾಲ್ಕ್ಯುಲೇಟರ್ ಒತ್ತಿ ಕೊನೆಯ ಮೊತ್ತ ಮಾತ್ರ ಬರೆದವರಿಗೆ, ಆ ಮೊತ್ತ ತಪ್ಪಿದ್ದರೆ, ಏನೂ ಇಲ್ಲ. ಆಫೀಸಿನಲ್ಲಿ ಎಕ್ಸೆಲ್ ಮಾಡಿ ಮಾಡಿ ನಮ್ಮಂಥವರಿಗೆ ಈ ಅಭ್ಯಾಸ ಜಾಸ್ತಿ.

ಇನ್ನು ಅಸಲಿ ವಿಷಯ. ಪ್ರಶ್ನೆ ಹಳೆಯದಾದರೆ ತೊಂದರೆ ಇಲ್ಲ, ಉತ್ತರ ಹಳಸಿದ್ದರೆ ತೊಂದರೆ. ಆಫೀಸಿನಲ್ಲಿ ಲೀಸ್ ಎಂಟ್ರಿ ಹಾಕುವುದು ನನ್ನ ಪಾಲಿನ ಕೆಲಸ, ಹಾಗಾಗಿ ಇದು ಬೇಗ ಕಣ್ಣಿಗೆ ಬಿತ್ತು. ಒಂದು ಹಳೆ ಪ್ರಶ್ನೆ ಹೀಗಿದೆ ಅಂದುಕೊಳ್ಳಿ: ಕಂಪನಿ ಒಂದು ಯಂತ್ರವನ್ನು 3 ವರ್ಷಕ್ಕೆ ಬಾಡಿಗೆಗೆ ತಂದಿದೆ, ಪ್ರತಿ ವರ್ಷದ ಕೊನೆಗೆ 1,00,000 ಕೊಡಬೇಕು, ಬಡ್ಡಿ ದರ 10%. ಹಳೆ ಮಾದರಿ ಉತ್ತರ ಎರಡು ಸಾಲಿನದು. ಇದು ಆಪರೇಟಿಂಗ್ ಲೀಸ್, ವರ್ಷಕ್ಕೆ 1,00,000 ಖರ್ಚು, ಬ್ಯಾಲೆನ್ಸ್ ಶೀಟಿಗೆ ಏನೂ ಬರುವುದಿಲ್ಲ.

ಲೀಸ್‌ಗಳ ಲೆಕ್ಕಕ್ಕೆ ಐಎಎಸ್ 17 ಅನ್ನುವ ಅಂತರರಾಷ್ಟ್ರೀಯ ಅಕೌಂಟಿಂಗ್ ಸ್ಟ್ಯಾಂಡರ್ಡ್ ಇದ್ದ ಕಾಲಕ್ಕೆ ಅದು ಪೂರ್ತಿ ಸರಿ. 2019ರ ಜನವರಿ 1ರಿಂದ ಅದರ ಜಾಗಕ್ಕೆ ಐಎಫ್‌ಆರ್‌ಎಸ್ 16 ಬಂತು. ಈಗ ಮೂರೂ ಕಂತಿನ ಇವತ್ತಿನ ಬೆಲೆ ತೆಗೆಯಬೇಕು, ಅದು 2,48,685. ಅಷ್ಟು ಮೊತ್ತ ಆಸ್ತಿಯ ಕಡೆಗೂ ಹೋಗುತ್ತದೆ, ಸಾಲದ ಕಡೆಗೂ ಹೋಗುತ್ತದೆ. ಮೊದಲ ವರ್ಷ ಸಾಲದ ಮೇಲೆ ಬಡ್ಡಿ 24,869, ಆಸ್ತಿಯ ಮೇಲೆ ಸವಕಳಿ 82,895. ಒಟ್ಟು ಖರ್ಚು 1,07,764. ಎರಡನೇ ವರ್ಷ ಸಾಲ ಇಳಿದಿರುವುದರಿಂದ ಖರ್ಚು 1,00,250, ಮೂರನೇ ವರ್ಷ 91,986. ಮೂರನ್ನೂ ಕೂಡಿ ನೋಡಿ, 3,00,000ವೇ. ಕೊಡುವ ದುಡ್ಡು ಬದಲಾಗಿಲ್ಲ, ಯಾವ ವರ್ಷಕ್ಕೆ ಎಷ್ಟು ಅನ್ನುವುದು ಬದಲಾಗಿದೆ. ಮೊತ್ತ 3,00,000ಕ್ಕೆ ಕೂಡದಿದ್ದರೆ ಎಲ್ಲೋ ಬಡ್ಡಿ ತಪ್ಪಿದೆ ಅಂತ ಅಲ್ಲೇ ಗೊತ್ತಾಗುತ್ತದೆ.

ಹಳೆ ಉತ್ತರ ನೋಡಿ ತಿದ್ದಿಕೊಂಡವರು ತಮ್ಮ ಸರಿ ಉತ್ತರವನ್ನೇ ತಪ್ಪು ಅಂತ ಹೊಡೆದುಹಾಕುತ್ತಾರೆ. ಆಮೇಲೆ ಅದನ್ನು ಮರೆಯೋದು ಕಷ್ಟ.

ಹಾಗಂತ ಇಂಥ ಪ್ರಶ್ನೆಗಳನ್ನು ನಾನು ಎಸೆಯುವುದಿಲ್ಲ. ಪ್ರಶ್ನೆಯ ಮೊತ್ತಗಳನ್ನು ಇಟ್ಟುಕೊಂಡು ಹೊಸ ನಿಯಮದಲ್ಲಿ ಬರೆಯುತ್ತೇನೆ, ಹಳೆ ಉತ್ತರದ ಮೇಲೆ ಅಡ್ಡಗೆರೆ ಎಳೆಯುತ್ತೇನೆ. ಆದಾಯದ ಪ್ರಶ್ನೆಗಳಿಗೂ ಇದೇ ಕಥೆ, 2018ರಿಂದ ಅಲ್ಲಿ ಐಎಫ್‌ಆರ್‌ಎಸ್ 15 ಇದೆ. ಮುಂದೆ 2027ರ ಜನವರಿ 1ರಿಂದ ಶುರುವಾಗುವ ವರ್ಷಗಳಿಗೆ ಐಎಎಸ್ 1ರ ಬದಲು ಐಎಫ್‌ಆರ್‌ಎಸ್ 18 ಬರುತ್ತದೆ, ಆಗ ಲಾಭ-ನಷ್ಟ ಪಟ್ಟಿಯ ರೂಪವೇ ಬೇರೆ. ಆದರೆ ನಿಮ್ಮ ಪರೀಕ್ಷೆಗೆ ಅದು ಯಾವಾಗಿಂದ ಅನ್ನುವುದನ್ನು ಪರೀಕ್ಷೆ ನಡೆಸುವವರು ಕೊಡುವ ಸ್ಟ್ಯಾಂಡರ್ಡ್‌ಗಳ ಪಟ್ಟಿಯಲ್ಲೇ ನೋಡಬೇಕು. ಆ ಪಟ್ಟಿಯನ್ನು ಪ್ರಶ್ನೆಪತ್ರಿಕೆಯ ಪಕ್ಕದಲ್ಲಿಟ್ಟುಕೊಂಡೇ ಕೂರುವುದು ಒಳ್ಳೆಯದು.

ಲೀಸ್ ಪ್ರಶ್ನೆಯಲ್ಲಿ ಎರಡು ಕಡೆ ಮಾತ್ರ ಹಳೆ ಉತ್ತರ ಈಗಲೂ ಹೆಚ್ಚುಕಡಿಮೆ ನಡೆಯುತ್ತದೆ. ಬಾಡಿಗೆ 12 ತಿಂಗಳು ಅಥವಾ ಅದಕ್ಕಿಂತ ಕಡಿಮೆ ಅವಧಿಯದಾಗಿದ್ದರೆ (ಕೊನೆಗೆ ಕೊಂಡುಕೊಳ್ಳುವ ಆಯ್ಕೆ ಇರಬಾರದು), ಇಲ್ಲವೇ ವಸ್ತು ತೀರಾ ಕಡಿಮೆ ಬೆಲೆಯದಾಗಿದ್ದರೆ, ಬಾಡಿಗೆಯನ್ನು ನೇರವಾಗಿ ಖರ್ಚಿಗೆ ಹಾಕಲು ಅವಕಾಶ ಇದೆ. ಇನ್ನೊಂದು, ಪ್ರಶ್ನೆ ಬಾಡಿಗೆಗೆ ಕೊಡುವವರ ಪುಸ್ತಕದ ಬಗ್ಗೆ ಕೇಳಿದ್ದರೆ. ಅವರಿಗೆ ಆಪರೇಟಿಂಗ್, ಫೈನಾನ್ಸ್ ಅನ್ನುವ ವಿಂಗಡಣೆ ಈಗಲೂ ಹಾಗೇ ಇದೆ.