ಆಗುಂಬೆ ಘಾಟಿ ಇಳಿಯುವ ದಿನದ ಲೆಕ್ಕ: ಸಂಜೆಯಿಂದ ಹಿಂದಕ್ಕೆ ಎಣಿಸಿ

ಮಲೆನಾಡಿಗೆ ಕಾರಲ್ಲಿ ಬರುವವರು ಮೋಸ ಹೋಗುವುದು ಕಿಲೋಮೀಟರ್ ನೋಡಿ. ಶಿವಮೊಗ್ಗದಿಂದ ತೀರ್ಥಹಳ್ಳಿ, ಆಗುಂಬೆ ದಾಟಿ ಉಡುಪಿಗೆ ಹೆಚ್ಚುಕಡಿಮೆ 150 ಕಿ.ಮೀ. ಅಷ್ಟೇ. ಆದರೆ ಅದನ್ನು ಕತ್ತಲೆಗೆ ಮುಂಚೆ ಮುಗಿಸಬೇಕಾದರೆ ಹೊರಡುವ ಹೊತ್ತಿನಿಂದಲ್ಲ, ತಲುಪುವ ಹೊತ್ತಿನಿಂದ ಲೆಕ್ಕ ಹಾಕಬೇಕು.

ಇಲ್ಲಿ ಡಿಸೆಂಬರ್ ಕೊನೆಗೆ ಹಗಲು ಸುಮಾರು ಹನ್ನೊಂದೂಕಾಲು ಗಂಟೆ. ಹಗಲು ತೀರಾ ಚಿಕ್ಕದಾಗುವುದು ಡಿಸೆಂಬರ್ 21ರ ಹೊತ್ತಿಗೆ ಹೌದು, ಆದರೆ ಸೂರ್ಯ ಎಲ್ಲಕ್ಕಿಂತ ಬೇಗ ಮುಳುಗುವುದು ನವೆಂಬರ್ ಮೂರು-ನಾಲ್ಕನೇ ವಾರದಲ್ಲಿ, ಸಂಜೆ 6ಕ್ಕೂ ಸ್ವಲ್ಪ ಮೊದಲೇ. ದೀಪಾವಳಿ ಮುಗಿಸಿ ಹೊರಡುವವರು ಇದನ್ನು ಗಮನಿಸುವುದಿಲ್ಲ. ಮುಳುಗಿದ ಮೇಲೆ ಉಳಿಯುವ ಬೆಳಕು ಇಪ್ಪತ್ತು ನಿಮಿಷ ಚಿಲ್ಲರೆ. ಮರಗಳ ಕೆಳಗೆ ಅದೂ ಇಲ್ಲ.

ಈಗ ಹಿಂದಕ್ಕೆ ಎಣಿಸಿ. ಉಡುಪಿಯಲ್ಲಿ 5:30ಕ್ಕೆ ಗಾಡಿ ನಿಲ್ಲಬೇಕು. ಆಗುಂಬೆಯಿಂದ ಉಡುಪಿಗೆ ಒಂದೂಮುಕ್ಕಾಲು ಗಂಟೆ ಇಟ್ಟುಕೊಳ್ಳಿ, ಅಂದರೆ 3:45ಕ್ಕೆ ಆಗುಂಬೆ ಬಿಡಬೇಕು. ತೀರ್ಥಹಳ್ಳಿಯಿಂದ ಆಗುಂಬೆಗೆ ಒಂದು ಗಂಟೆ, ಜೊತೆಗೆ ಟೀ, ಫೋಟೋ, ಲಾರಿ ಹಿಂದೆ ಸಿಕ್ಕಿಕೊಳ್ಳುವುದಕ್ಕೆಲ್ಲ ಇನ್ನೊಂದು ಗಂಟೆ. ಹಾಗಾಗಿ 1:45ಕ್ಕೆ ತೀರ್ಥಹಳ್ಳಿಯಲ್ಲಿ ಊಟ ಮುಗಿದಿರಬೇಕು. ಕವಲೇದುರ್ಗ ನೋಡುವುದಿದ್ದರೆ ಹೋಗಿಬರುವುದು, ಹತ್ತುವುದು, ಇಳಿಯುವುದು ಸೇರಿ ನಾಲ್ಕು ಗಂಟೆ. ಊಟಕ್ಕೆ ಒಂದು ಗಂಟೆ ಕಳೆದರೆ ತೀರ್ಥಹಳ್ಳಿಗೆ 8:45ಕ್ಕೇ ಬಂದಿರಬೇಕು, ಶಿವಮೊಗ್ಗ ಬಿಡುವುದು ಏಳಕ್ಕೆ. ಅದೇ ದಿನ ಸಕ್ರೆಬೈಲಿನಲ್ಲಿ ಆನೆ ಸ್ನಾನವೂ ನೋಡುತ್ತೇನೆ ಅಂದರೆ ಆಗದು. ಎರಡರಲ್ಲಿ ಒಂದು ಬಿಡಿ.

ಊಟ ಮಾತ್ರ ಬಿಡಬೇಡಿ. ತೀರ್ಥಹಳ್ಳಿ ಪೇಟೆಯ ಸಣ್ಣ ಹೋಟೆಲುಗಳಲ್ಲಿ ಅಗಲವಾದ ಎಲೆ, ಬಿಸಿ ಅನ್ನ, ತಿಳಿಸಾರು, ಮಜ್ಜಿಗೆ, ಜೊತೆಗೆ ಮಿಡಿ ಉಪ್ಪಿನಕಾಯಿ ಸಿಕ್ಕಿಬಿಟ್ಟರೆ ಹೆದ್ದಾರಿ ಬದಿಯ ದುಬಾರಿ ರೆಸ್ಟೋರೆಂಟು ಯಾಕೆ ಬೇಕು? ಬಡಿಸುವುದೂ ಚುರುಕು, ಮುಕ್ಕಾಲು ಗಂಟೆಯೊಳಗೆ ಎದ್ದುಬರಬಹುದು.

ಲೆಕ್ಕ ಕೆಡುವುದು ಆಗುಂಬೆಯ ಸೂರ್ಯಾಸ್ತದ ಕಟ್ಟೆಯಲ್ಲಿ. ಅಲ್ಲಿ ಕೊನೆಯ ಕಿರಣದವರೆಗೆ ನಿಂತರೆ ಕೆಳಗಿನ ಹದಿನಾಲ್ಕು ತಿರುವುಗಳು ಕತ್ತಲಲ್ಲೇ. ಸೋಮೇಶ್ವರಕ್ಕೆ ಇಳಿಯಲು ಅರ್ಧ ಗಂಟೆಗೂ ಹೆಚ್ಚು ಬೇಕು, ಬೆಳಕು ಅಷ್ಟು ಹೊತ್ತು ಕಾಯುವುದಿಲ್ಲ. ಹೇರ್‌ಪಿನ್‌ನಲ್ಲಿ ಹೆಡ್‌ಲೈಟು ತಿರುವಿನ ಕಡೆಗಲ್ಲ, ನೇರ ಕಂದಕದ ಕಡೆ ಬೀಳುತ್ತದೆ. ಎದುರಿಂದ ಬಸ್ಸು ಬಂದರೆ ತಿರುವಿನಲ್ಲಿ ಅದಕ್ಕೆ ಇಡೀ ರಸ್ತೆ ಬೇಕು, ನೀವು ಮೇಲೆಯೇ ನಿಲ್ಲಬೇಕು. ಕಟ್ಟೆಯಲ್ಲಿದ್ದವರೆಲ್ಲ ಒಟ್ಟಿಗೆ ಇಳಿಯುವುದರಿಂದ ನಿಲ್ಲಲೂ ಜಾಗ ಸಿಗದು. ಸೆಕೆಂಡ್ ಗೇರಲ್ಲೇ ಇಳಿಯಿರಿ. ಬ್ರೇಕ್ ಸುಟ್ಟ ವಾಸನೆ ಬಂದರೆ ಅಗಲವಿರುವ ಕಡೆ ನಿಲ್ಲಿಸಿ ಆರಲು ಬಿಡಿ.

ಸೂರ್ಯಾಸ್ತ ಬೇಕೇಬೇಕು ಅನ್ನುವವರು ಆಗುಂಬೆಯಲ್ಲೇ ಉಳಿಯಿರಿ, ಕೋಣೆ ಮೊದಲೇ ಹೇಳಿಡಿ. ಏಳು ಗಂಟೆಗೆ ಬಾಗಿಲು ತಟ್ಟಿದರೆ ಅವರು ಹೇಳಿದ್ದೇ ರೇಟು.

ಜೂನ್‌ನಲ್ಲಿ ಸೂರ್ಯಾಸ್ತ ಏಳಕ್ಕೆ, ಹಾಗಾಗಿ ಒಂದು ಗಂಟೆ ಹೆಚ್ಚು ಸಿಗುತ್ತದೆ ಅಂತ ಪಂಚಾಂಗ ನಂಬಬೇಡಿ. ಮಳೆ, ಮಂಜು ಕವಿದರೆ ಐದೂವರೆಗೇ ಲೈಟು ಹಾಕಬೇಕಾಗುತ್ತದೆ. ಆಗಲೂ ಆಗುಂಬೆ ಬಿಡುವ ಹೊತ್ತು 3:45 ಅಂತಲೇ ಇಟ್ಟುಕೊಳ್ಳಿ.