ಹಿರಿಯರಿಗಾಗಿ ಫೋನ್ ವಂಚನೆಯ ವಿಡಿಯೋ: ಒಟಿಪಿ ಭಾಗ ಎಲ್ಲಿಗೆ ಬಂತು

ಬ್ಯಾಂಕಿನ ಹೆಸರಲ್ಲಿ ಬರುವ ಕರೆಯ ಭಾಗದ ಎಡಿಟಿಂಗ್ ಈ ವಾರ ಬಹುತೇಕ ಮುಗಿದಿದೆ. ವಂಚನೆಗಳು ಹತ್ತಾರು ಬಗೆಯವು. ಆದರೆ ಒಂದು ವಿಡಿಯೋಗೆ ಒಂದೇ ಬಗೆ ಎಂದು ಇಟ್ಟುಕೊಂಡಿದ್ದೇನೆ.

ದೃಶ್ಯ ಹೀಗಿದೆ. ಫೋನ್ ಬರುತ್ತದೆ. "ನಿಮ್ಮ ಖಾತೆಯಿಂದ ಯಾರೋ ಹಣ ತೆಗೆಯುತ್ತಿದ್ದಾರೆ. ತಡೆಯಬೇಕು ಅಂದ್ರೆ ಈಗ ಬಂದ ಆರು ಅಂಕಿ ಹೇಳಿ, ಫೋನ್ ಮಾತ್ರ ಇಡಬೇಡಿ" ಎನ್ನುತ್ತಾನೆ. ನಮ್ಮ ಹೆಸರೂ ಕಾರ್ಡಿನ ಕೊನೆಯ ನಾಲ್ಕು ಅಂಕಿಗಳೂ ಅವನಿಗೆ ಗೊತ್ತು. ಸೋರಿಹೋದ ಮಾಹಿತಿಯಲ್ಲಿ ಇವೆಲ್ಲ ಸಿಗುತ್ತವೆ.

ಇಲ್ಲಿ ಚಿತ್ರ ನಿಲ್ಲಿಸಿ, ಆ ಆರು ಅಂಕಿಯ ಒಟಿಪಿ ಸಂದೇಶ ಯಾಕೆ ಬಂತು ಅಂತ ವಿವರಿಸಿದ್ದೇನೆ. ಮೊದಲ ಪ್ರತಿ ನೋಡಿದ ಅಜ್ಜಿಯೊಬ್ಬರು, "ಸಂದೇಶ ಬ್ಯಾಂಕಿಂದಲೇ ಬಂದಿದೆ, ಹಾಗಾದ್ರೆ ಫೋನ್ ಮಾಡಿದವನೂ ಬ್ಯಾಂಕಿನವನೇ ಅಲ್ವಾ?" ಎಂದು ಕೇಳಿದ್ದರು. ಇಡೀ ವಂಚನೆ ನಿಂತಿರುವುದೇ ಈ ನಂಬಿಕೆಯ ಮೇಲೆ. ಸಂದೇಶ ನಿಜ. ಆದರೆ ಅದು ಬರುವಂತೆ ಮಾಡಿದವನು ಅವನು. ನಿಮ್ಮ ಜೊತೆ ಮಾತಾಡುತ್ತಲೇ ಇನ್ನೊಂದು ಕಡೆ ನಿಮ್ಮ ಖಾತೆಯಿಂದ ಹಣ ಕಳಿಸಲು ಗುಂಡಿ ಒತ್ತುತ್ತಾನೆ. ಬ್ಯಾಂಕ್ ನಿಮ್ಮ ಒಪ್ಪಿಗೆ ಕೇಳಿ ಆರು ಅಂಕಿ ಕಳಿಸುತ್ತದೆ. ಅದನ್ನು ಹೇಳಿದರೆ ಒಪ್ಪಿಗೆ ಕೊಟ್ಟಂತೆ. ಇದನ್ನು ಈಗ ಎರಡು ಸಲ ಹೇಳಿದ್ದೇನೆ: ಮೊದಲು ನಮ್ಮ ಫೋನಿನ ಕಡೆಯಿಂದ, ಆಮೇಲೆ ಅವನ ಪರದೆಯ ಕಡೆಯಿಂದ.

ಮತ್ತೆ ಮತ್ತೆ ಬರುವ ಮಾತು ಒಂದೇ: "ಫೋನ್ ಇಡಿ. ಕಾರ್ಡಿನ ಹಿಂದಿರುವ ನಂಬರಿಗೆ ನೀವೇ ಮಾಡಿ." ಇದು ಮೂರು ಕಡೆ ಬರುತ್ತದೆ, ಪ್ರತಿಸಲವೂ ಅದೇ ಪದಗಳಲ್ಲಿ. ಪದ ಬದಲಿಸಿದರೆ ಹೊಸ ವಿಷಯವೇನೋ ಅಂತ ನೋಡುವವರು ಗೊಂದಲಪಡುತ್ತಾರೆ. ಪರದೆಯ ಮೇಲೂ ಅದೇ ಸಾಲು, ದೊಡ್ಡ ಅಕ್ಷರದಲ್ಲಿ. ಆಮೇಲೆ ಐದು ಸೆಕೆಂಡ್ ಮೌನ. ಎಡಿಟ್ ಮಾಡುವಾಗ ಆ ಮೌನ ತುಂಬಾ ಉದ್ದ ಅನಿಸುತ್ತದೆ, ಆದರೆ ನೋಡುವವರು ಕಾರ್ಡ್ ತಿರುಗಿಸಿ ನೋಡಿದ್ದು ಅದೇ ಹೊತ್ತಿನಲ್ಲಿ.

ಬಂದ ನಂಬರಿಗೇ ವಾಪಸ್ ಮಾಡಬೇಡಿ ಎನ್ನುವುದನ್ನೂ ಸೇರಿಸಿದೆ. ಅದು ಅವನದೇ ನಂಬರ್ ಆಗಿರಬಹುದು. ಪರದೆಯಲ್ಲಿ ಬ್ಯಾಂಕಿನ ಹೆಸರು ಕಂಡರೂ ನಂಬುವ ಹಾಗಿಲ್ಲ, ಕಾಣುವ ಹೆಸರು, ನಂಬರ್ ಎರಡನ್ನೂ ನಕಲಿ ಮಾಡಬಹುದು.

ಹಿನ್ನೆಲೆ ಸಂಗೀತ ಪೂರ್ತಿ ತೆಗೆದೆ. ಕಿವಿ ಮಂದವಾದವರಿಗೆ ಸಂಗೀತದ ನಡುವೆ ಮಾತು ಬಿಡಿಸಿಕೊಳ್ಳುವುದು ಕಷ್ಟ. ನಿಧಾನ ಬೇಕು ಅಂತ ಧ್ವನಿಯನ್ನು ಸಾಫ್ಟ್‌ವೇರಿನಲ್ಲಿ ಎಳೆದಿಲ್ಲ, ಎಳೆದರೆ ಅಕ್ಷರಗಳು ಕಲಸಿಹೋಗುತ್ತವೆ. ಮಾಮೂಲಿ ಮಾತಿನ ಓಟವನ್ನೇ ಇಟ್ಟು, ವಾಕ್ಯಗಳ ನಡುವೆ ಬಿಡುವು ಕೊಟ್ಟಿದ್ದೇನೆ.

ಒಂದು ದೃಶ್ಯ ಬಾಕಿಯಿದೆ: ಅಂಕಿ ಹೇಳಿಬಿಟ್ಟಿದ್ದರೆ ಏನು ಮಾಡಬೇಕು. ತಕ್ಷಣ ಬ್ಯಾಂಕಿಗೆ ಫೋನ್ ಮಾಡಿ ಕಾರ್ಡನ್ನೂ ಖಾತೆಯನ್ನೂ ತಡೆಹಿಡಿಸಬೇಕು, ಆಮೇಲೆ ಪೊಲೀಸರಿಗೆ ದೂರು. ಅದನ್ನು ಮುಂದಿನ ವಾರ ಚಿತ್ರೀಕರಿಸುತ್ತೇನೆ. ಅದರಲ್ಲಿ ಮನೆಯವರು ಗದರುವ ಮಾತು ಒಂದೂ ಇರುವುದಿಲ್ಲ. ಗದರಿಸಿಕೊಳ್ಳುವ ಭಯಕ್ಕೆ ಎಷ್ಟೋ ಜನ ಗಂಟೆಗಟ್ಟಲೆ ಸುಮ್ನೆ ಇದ್ದುಬಿಡುತ್ತಾರೆ, ಅಷ್ಟರಲ್ಲಿ ಹಣ ಕೈದಾಟಿ ಹೋಗಿರುತ್ತದೆ.