ಡಬಲ್ ಲೈಕ್ ಬಂದ ಕ್ಯಾಪ್ಷನ್ನೇ ಗೆದ್ದಿತಾ?

"ಎರಡು ಥರ ಕ್ಯಾಪ್ಷನ್ ಬರೆದು ಎರಡು ಪೋಸ್ಟ್‌ಗೆ ಹಾಕಿದ್ದೆ. ಒಂದಕ್ಕೆ ಡಬಲ್ ಲೈಕ್ ಬಂತು. ಹಾಗಾದ್ರೆ ಅದೇ ಒಳ್ಳೇ ಕ್ಯಾಪ್ಷನ್ ಅಲ್ವಾ?"

ಅಷ್ಟರಿಂದ ಹೇಳೋಕೆ ಬರಲ್ಲ. ಯಾಕೆ ಅಂತ ನಮ್ಮನೆಯ ಉದಾಹರಣೆಯಲ್ಲೇ ಹೇಳುತ್ತೇನೆ.

ನಮ್ಮ ಅಕ್ಕ ಹುಬ್ಬಳ್ಳಿಯಲ್ಲಿ ಮನೆಯಿಂದಲೇ ಇಳಕಲ್ ಸೀರೆ ಮಾರುತ್ತಾಳೆ, ಹೆಚ್ಚಿನ ವ್ಯಾಪಾರ ಇನ್‌ಸ್ಟಾಗ್ರಾಂನಲ್ಲಿ. ಪೋಸ್ಟ್ ಹಾಕೋ ಕೆಲಸ ನನ್ನದು. ನಮ್ಮಿಬ್ಬರಿಗೂ ಒಂದು ವಿಷಯಕ್ಕೆ ಜಗಳ. ಅವಳಿಗೆ ಕ್ಯಾಪ್ಷನ್ ಶುರುವಾಗೋದು ಹೀಗಿರಬೇಕು: "ಅಜ್ಜಿಯ ಪೆಟ್ಟಿಗೆಯಲ್ಲಿದ್ದ ಸೀರೆ ನೆನಪಿದೆಯಾ? ಅದೇ ಗಾಯತ್ರಿ ದಡಿ, ಅದೇ ಕೆಂಪು ಸೆರಗು." ನನಗೆ ಹೀಗೆ: "ಗಾಯತ್ರಿ ದಡಿ ಇಳಕಲ್, 1,850 ರೂಪಾಯಿ, ಕೊರಿಯರ್ ಸೇರಿ." ಮೊದಲಿನದಕ್ಕೆ ಅಜ್ಜಿ ಕ್ಯಾಪ್ಷನ್ ಅಂತ, ಎರಡನೆಯದಕ್ಕೆ ರೇಟ್ ಕ್ಯಾಪ್ಷನ್ ಅಂತ ಹೆಸರಿಟ್ಟುಕೊಂಡೆವು. ಎರಡರಲ್ಲೂ ಉಳಿದ ಮಾತೆಲ್ಲ ಒಂದೇ. ರೇಟ್ ಕೂಡ ಎರಡರಲ್ಲೂ ಇದೆ, ಅಜ್ಜಿ ಕ್ಯಾಪ್ಷನ್‌ನಲ್ಲಿ ಅದು ಕೊನೇ ಸಾಲಿನಲ್ಲಿ. ಫೀಡ್‌ನಲ್ಲಿ ಕ್ಯಾಪ್ಷನ್‌ನ ಮೊದಲ ಒಂದೆರಡು ಸಾಲು ಮಾತ್ರ ಕಾಣುತ್ತದೆ, ಮಿಕ್ಕಿದ್ದು ಮೋರ್ ಒತ್ತಿದವರಿಗೆ. ಹಾಗಾಗಿ ನಮ್ಮ ಪ್ರಶ್ನೆ ನಿಜವಾಗಿ ಇಷ್ಟೇ, ಕಾಣೋ ಜಾಗದಲ್ಲಿ ಏನಿರಬೇಕು? ಹ್ಯಾಷ್‌ಟ್ಯಾಗ್, ಫೋಟೋ ಕೋನ, ಹಾಕೋ ಟೈಮು ಎಲ್ಲ ಸೇರಿಸಿ ಬದಲಿಸಿದ್ದರೆ ಗೆದ್ದದ್ದು ಯಾವುದು ಅಂತ ಯಾರಿಗೂ ಗೊತ್ತಾಗುತ್ತಿರಲಿಲ್ಲ.

ಟೆಸ್ಟ್ ಶುರು ಮಾಡೋ ಮೊದಲು ಒಂದು ಕೆಲಸ ಮಾಡಿದೆವು. ಬಹಳ ಜನ ಬಿಟ್ಟುಬಿಡೋದು ಇದನ್ನೇ. ಎರಡು ವಾರ ನಾಲ್ಕು ಪೋಸ್ಟ್ ಹಾಕಿದೆವು, ನಾಲ್ಕಕ್ಕೂ ಒಂದೇ ಥರದ ಕ್ಯಾಪ್ಷನ್. ಅದೇ ಮರದ ಬಾಗಿಲು ಹಿಂದೆ, ಅದೇ ಬೆಳಗಿನ ಬೆಳಕು, ಅದೇ ದಡಿ, ಬಣ್ಣ ಮಾತ್ರ ಬೇರೆ. ಪ್ರತಿ ಪೋಸ್ಟ್‌ಗೂ ಮೂರು ದಿನ ಬಿಟ್ಟು ಇನ್‌ಸೈಟ್ಸ್ ತೆಗೆದು, ಸೇವ್ ಎಷ್ಟು, ರೀಚ್ ಎಷ್ಟು ಅಂತ ಬರೆದುಕೊಂಡೆ. ರೀಚ್ ಅಂದರೆ ಪೋಸ್ಟ್ ಎಷ್ಟು ಅಕೌಂಟ್‌ಗೆ ಮುಟ್ಟಿತು ಅನ್ನೋ ಲೆಕ್ಕ. ಸೇವ್ ಅನ್ನು ರೀಚ್‌ನಿಂದ ಭಾಗಿಸಿ ಸಾವಿರದಿಂದ ಗುಣಿಸಿದರೆ, ನೋಡಿದ ಸಾವಿರ ಜನರಲ್ಲಿ ಎಷ್ಟು ಜನ ಸೇವ್ ಮಾಡಿದರು ಅಂತ ಸಿಗುತ್ತದೆ. ನಾಲ್ಕು ಪೋಸ್ಟ್‌ಗೆ ಬಂದದ್ದು 9, 16, 11, 14.

9 ಮತ್ತು 16. ಹತ್ತಿರ ಹತ್ತಿರ ಡಬಲ್. ಆದರೆ ಕ್ಯಾಪ್ಷನ್ ಬದಲಾಗೇ ಇಲ್ಲ! ಅವತ್ತು ಮ್ಯಾಚ್ ಇತ್ತೋ, ಬಣ್ಣ ಇಷ್ಟವಾಯಿತೋ, ಮೊದಲ ಅರ್ಧ ಗಂಟೆಯಲ್ಲಿ ನೋಡಿದವರು ಯಾರೋ, ಏನೋ ಒಂದು. ನಿಮಗೆ ಬಂದ ಡಬಲ್ ಲೈಕ್ ಕೂಡ ಇಂಥದ್ದೇ ಇರಬಹುದು. ಏನೂ ಬದಲಿಸದೆ ಇದ್ದಾಗ ನಿಮ್ಮ ಪೇಜಿನ ನಂಬರ್ ಎಷ್ಟು ಮೇಲೆ ಕೆಳಗೆ ಆಡುತ್ತದೆ ಅಂತ ಗೊತ್ತಿಲ್ಲದಿದ್ದರೆ, ಬದಲಿಸಿದ ಮೇಲೆ ಬಂದ ವ್ಯತ್ಯಾಸ ದೊಡ್ಡದೋ ಚಿಕ್ಕದೋ ಅಂತ ಹೇಳೋದು ಹೇಗೆ?

ಇನ್ನು ಯಾವುದನ್ನು ಎಣಿಸಬೇಕು ಅನ್ನೋ ವಿಷಯ. ಲೈಕ್ ಬೇಡ ಅಂದೆ, ಜನ ಫೋಟೋ ನೋಡಿ ಎರಡು ಸಲ ಒತ್ತಿ ಮುಂದೆ ಹೋಗುತ್ತಾರೆ, ಕ್ಯಾಪ್ಷನ್ ಓದಿರೋದೇ ಇಲ್ಲ. ಕಾಮೆಂಟ್ ಎಣಿಸೋಣ ಅಂದಳು ಅಕ್ಕ. ಅಲ್ಲೊಂದು ಬಲೆ ಇದೆ. ನಮಗೆ ಬರೋ ಕಾಮೆಂಟ್‌ನಲ್ಲಿ ಅರ್ಧಕ್ಕಿಂತ ಜಾಸ್ತಿ "ರೇಟ್ ಎಷ್ಟು?" ಅಂತಲೇ. ರೇಟ್ ಮೊದಲ ಸಾಲಿನಲ್ಲೇ ಇದ್ದರೆ ಆ ಕಾಮೆಂಟ್ ಬರೋದೇ ಕಡಿಮೆ. ಅಂದರೆ ಕ್ಯಾಪ್ಷನ್ ತನ್ನ ಕೆಲಸ ಸರಿಯಾಗಿ ಮಾಡಿದಷ್ಟೂ ಸೋತ ಹಾಗೆ ಕಾಣುತ್ತದೆ. ಆರ್ಡರ್ ಎಣಿಸೋದು ಎಲ್ಲಕ್ಕಿಂತ ಸರಿ, ಆದರೆ ಒಂದು ಪೋಸ್ಟ್‌ಗೆ ಒಂದೋ ಎರಡೋ ಬರೋದು, ಅಷ್ಟರಲ್ಲಿ ಏನು ಹೋಲಿಸೋದು? ಕೊನೆಗೆ ಸೇವ್ ಅಂತ ತೀರ್ಮಾನ ಮಾಡಿ, ನೋಟ್‌ಬುಕ್‌ನಲ್ಲಿ ತಾರೀಕು ಹಾಕಿ ಬರೆದಿಟ್ಟೆವು. ಸೇವ್ ಮಾಡಿದವರೆಲ್ಲ ಕೊಳ್ಳೋದಿಲ್ಲ, ಅದು ಗೊತ್ತಿದ್ದೇ ಒಪ್ಪಿಕೊಂಡದ್ದು.

ಟೆಸ್ಟ್ ಹೀಗಿತ್ತು. ವಾರಕ್ಕೊಂದು ಜೋಡಿ, ಮಂಗಳವಾರ ಒಂದು ಪೋಸ್ಟ್, ಗುರುವಾರ ಇನ್ನೊಂದು, ಎರಡೂ ರಾತ್ರಿ ಎಂಟಕ್ಕೆ. ಒಂದೇ ದಿನ ಎರಡೂ ಹಾಕಿದರೆ ಅವೇ ಒಂದರ ಜಾಗ ಇನ್ನೊಂದು ಕಿತ್ತುಕೊಳ್ಳುತ್ತವೆ. ಒಂದು ಜೋಡಿಯಲ್ಲಿ ಒಂದೇ ದಡಿಯ, ಒಂದೇ ರೇಟಿನ ಎರಡು ಸೀರೆ. ಯಾವ ಸೀರೆ ಯಾವ ದಿನ ಅಂತ ಮೊದಲೇ ಪಟ್ಟಿ ಮಾಡಿ, ಆಮೇಲೆ ನಾಣ್ಯ ಚಿಮ್ಮಿದೆವು. ತಲೆ ಬಿದ್ದರೆ ಮಂಗಳವಾರಕ್ಕೆ ಅಜ್ಜಿ, ಇಲ್ಲದಿದ್ದರೆ ರೇಟ್. ನಾಣ್ಯ ಯಾಕೆ ಅಂದರೆ, ಕೈಗೆ ಬಿಟ್ಟರೆ ಅಕ್ಕ ಚಂದದ ಸೀರೆಗೆಲ್ಲ ಅಜ್ಜಿ ಕ್ಯಾಪ್ಷನ್ ಹಾಕುತ್ತಿದ್ದಳು. ಬೇಕಂತ ಅಲ್ಲ, ಕೈ ತಾನಾಗಿ ಹೋಗುತ್ತದೆ. ನಾನೂ ಅದನ್ನೇ ಮಾಡುತ್ತಿದ್ದೆ ಬಿಡಿ. ಎಂಟು ವಾರ, ಎಂಟು ಜೋಡಿ ಅಂತ ಮೊದಲೇ ನಿಗದಿ. ಮಧ್ಯೆ ಯಾವುದನ್ನೂ ಸ್ಟೋರಿಗೆ ಹಾಕೋ ಹಾಗಿಲ್ಲ, ದುಡ್ಡು ಕೊಟ್ಟು ಬೂಸ್ಟ್ ಮಾಡೋ ಹಾಗಿಲ್ಲ. ಪ್ರತಿ ಪೋಸ್ಟ್‌ನ ನಂಬರ್ ತೆಗೆಯೋದು ಸರಿಯಾಗಿ 72 ಗಂಟೆಗೆ. ಎಲ್ಲವನ್ನೂ ಕೊನೇ ದಿನ ಒಟ್ಟಿಗೆ ನೋಡಿದರೆ ಹಳೇ ಪೋಸ್ಟ್‌ಗೆ ಸುಮ್ನೆ ಜಾಸ್ತಿ ದಿನ ಸಿಕ್ಕಿರುತ್ತದೆ.

ಜೋಡಿಯಾಗಿ ಹಾಕಿದ್ದರ ಲಾಭ ಪಂಚಮಿ ಹಬ್ಬದ ವಾರ ಗೊತ್ತಾಯಿತು. ಆ ವಾರ ಎರಡೂ ಪೋಸ್ಟ್ ಮಲಗಿದವು, ಜನ ಉಂಡಿ ಕಟ್ಟೋದರಲ್ಲಿದ್ದರು ಅಂತ ಕಾಣುತ್ತದೆ. ಆದರೆ ಎರಡೂ ಮಲಗಿದ್ದರಿಂದ ಹೋಲಿಕೆ ಕೆಡಲಿಲ್ಲ.

ಕೆಡಿಸಿದ್ದು ಐದನೇ ವಾರ. ಒಂದು ಅಜ್ಜಿ ಪೋಸ್ಟ್ ಅನ್ನು ಯಾವುದೋ ದೊಡ್ಡ ಪೇಜಿನವರು ತಮ್ಮ ಸ್ಟೋರಿಗೆ ಹಾಕಿಕೊಂಡರು. ನಮ್ಮ ಪೋಸ್ಟ್‌ಗೆ ಸಾಮಾನ್ಯವಾಗಿ 1,500ರ ಆಸುಪಾಸು ರೀಚ್, ಅದಕ್ಕೆ ಮಾತ್ರ 11,000. ಸೇವ್ 209. ಅಕ್ಕ ಫೋನ್ ಹಿಡಿದುಕೊಂಡೇ ಬಂದಳು, "ನೋಡೋ, ನಾ ಹೇಳಿದ್ದೆ ಇಲ್ಲೋ!"

ಎಂಟು ವಾರ ಮುಗಿದ ಮೇಲೆ ಒಟ್ಟು ಕೂಡಿದಾಗ ಅಜ್ಜಿಗೆ 21,800 ರೀಚ್, 331 ಸೇವ್, ಅಂದರೆ ಸಾವಿರಕ್ಕೆ 15. ರೇಟ್‌ಗೆ 12,300 ರೀಚ್, 164 ಸೇವ್, ಸಾವಿರಕ್ಕೆ 13. ಅಜ್ಜಿ ಗೆದ್ದಳು ಅಲ್ವಾ? ಆ ಒಂದು ಪೋಸ್ಟ್ ತೆಗೆದು ನೋಡಿ. ಅಜ್ಜಿಗೆ ಉಳಿಯೋದು 10,800 ರೀಚ್, 122 ಸೇವ್, ಸಾವಿರಕ್ಕೆ 11. ರೇಟ್‌ನ 13 ಹಾಗೇ ಇದೆ. ಒಂದೇ ಪೋಸ್ಟ್ ಇಟ್ಟರೆ ಒಬ್ಬರು ಗೆಲ್ಲುತ್ತಾರೆ, ತೆಗೆದರೆ ಇನ್ನೊಬ್ಬರು. ಇಂಥ ಲೆಕ್ಕ ನಂಬೋ ಹಾಗಿಲ್ಲ. ಹಾಗಂತ ನನಗೆ ಬೇಕಾದ ಉತ್ತರ ಬರಲಿ ಅಂತ ಅದನ್ನು ತೆಗೆದುಹಾಕೋದೂ ಮೋಸವೇ, ಯಾಕೆಂದರೆ ಇಂಥದ್ದಾದರೆ ಏನು ಮಾಡಬೇಕು ಅಂತ ನಾವು ಮೊದಲೇ ಬರೆದಿಟ್ಟಿರಲಿಲ್ಲ. ಅದು ನನ್ನ ತಪ್ಪು.

ಅದಕ್ಕೇ ಒಟ್ಟು ಬಿಟ್ಟು ಜೋಡಿ ಜೋಡಿಯಾಗಿ ನೋಡಿದೆ. ಪ್ರತಿ ಜೋಡಿಯಲ್ಲಿ ಸಾವಿರಕ್ಕೆ ಸೇವ್ ಯಾರಿಗೆ ಜಾಸ್ತಿ? ಹೀಗೆ ನೋಡಿದರೆ ಆ 11,000ದ ಪೋಸ್ಟ್ ಕೂಡ ಒಂದೇ ಗೆಲುವು, ಅದಕ್ಕಿಂತ ಜಾಸ್ತಿ ಇಲ್ಲ. ಬಂದ ಲೆಕ್ಕ ರೇಟ್ 6, ಅಜ್ಜಿ 2.

ನನಗೆ ಖುಷಿಯಾಯಿತು, ಸುಳ್ಳು ಹೇಳಲ್ಲ. ಆಮೇಲೆ ಕೂತು ಇನ್ನೊಂದು ಲೆಕ್ಕ ಹಾಕಿದೆ. ಎರಡು ಕ್ಯಾಪ್ಷನ್‌ಗೂ ಏನೇನೂ ವ್ಯತ್ಯಾಸ ಇಲ್ಲ ಅಂದುಕೊಳ್ಳಿ. ಆಗ ಪ್ರತಿ ಜೋಡಿಯ ಗೆಲುವೂ ನಾಣ್ಯ ಚಿಮ್ಮಿದ ಹಾಗೆ. ಎಂಟು ಸಲ ಚಿಮ್ಮಿದರೆ 256 ಥರ ಬೀಳಬಹುದು. ಅದರಲ್ಲಿ ಯಾವುದೋ ಒಂದು ಮುಖ ಆರು ಅಥವಾ ಅದಕ್ಕಿಂತ ಜಾಸ್ತಿ ಸಲ ಬೀಳೋದು 74 ಥರ. ಅಂದರೆ ನೂರಕ್ಕೆ 29 ಸಲ ಬರೀ ಅದೃಷ್ಟದಿಂದಲೇ 6-2 ಅಥವಾ ಅದಕ್ಕಿಂತ ಎದ್ದು ಕಾಣೋ ಫಲಿತಾಂಶ ಬರುತ್ತದೆ. 7-1 ಬಂದಿದ್ದರೂ ನೂರಕ್ಕೆ 7. ಎಂಟಕ್ಕೆ ಎಂಟೂ ಬಂದರೆ ಮಾತ್ರ ನೂರಕ್ಕೆ ಒಂದಕ್ಕಿಂತ ಕಡಿಮೆ. ನನ್ನ 6-2 ಇಟ್ಟುಕೊಂಡು ಅಕ್ಕನ ಹತ್ತಿರ ವಾದ ಮಾಡೋ ಹಾಗಿರಲಿಲ್ಲ.

ಎಂಟು ಜೋಡಿಗೆ ನಿಲ್ಲಿಸದೆ ಇನ್ನೆರಡು ಜೋಡಿ ಹಾಕೋಣ, 8-2 ಆದರೂ ಆಗಬಹುದು ಅಂತ ಆಸೆಯಾಗಿದ್ದು ನಿಜ. ಇದೂ ಒಂದು ಕೆಟ್ಟ ಚಾಳಿ. ನಮಗೆ ಬೇಕಾದ ನಂಬರ್ ಬರೋವರೆಗೆ ಮುಂದುವರಿಸಿ, ಬಂದ ತಕ್ಷಣ ನಿಲ್ಲಿಸಿದರೆ, ನಾಣ್ಯ ಕೂಡ ಒಂದಲ್ಲ ಒಂದು ಹೊತ್ತಿನಲ್ಲಿ ಗೆದ್ದ ಹಾಗೆ ಕಾಣುತ್ತದೆ.

ಆದರೆ ಲೆಕ್ಕ ಮಾಡುವಾಗ ಇನ್ನೊಂದು ಕಣ್ಣಿಗೆ ಬಿತ್ತು. "ರೇಟ್ ಎಷ್ಟು" ಅನ್ನೋ ಕಾಮೆಂಟ್ ಮತ್ತು ಮೆಸೇಜ್ ಅಜ್ಜಿ ಪೋಸ್ಟ್‌ಗೆ ಏಳೆಂಟು, ರೇಟ್ ಪೋಸ್ಟ್‌ಗೆ ಒಂದೋ ಎರಡೋ. ಎಂಟೂ ಜೋಡಿಯಲ್ಲಿ ಹಾಗೇ. ಇದು ಗಟ್ಟಿ ಫಲಿತಾಂಶದ ಹಾಗೆ ಕಾಣುತ್ತದೆ, ಆದರೂ ನಾವು ಇದನ್ನು ಹುಡುಕಿಕೊಂಡು ಹೊರಟಿರಲಿಲ್ಲ. ಲೈಕ್, ಶೇರ್, ಸೇವ್, ಪ್ರೊಫೈಲ್ ವಿಸಿಟ್ ಅಂತ ಹತ್ತು ನಂಬರ್ ನೋಡುತ್ತಾ ಹೋದರೆ ಯಾವುದೋ ಒಂದರಲ್ಲಿ ಅದೃಷ್ಟಕ್ಕೆ ಎದ್ದು ಕಾಣೋ ವ್ಯತ್ಯಾಸ ಸಿಗೋ ಸಾಧ್ಯತೆ ಜಾಸ್ತಿ. ಹಾಗಾಗಿ ಹೊಸದಾಗಿ ಎಂಟು ವಾರ ಶುರು ಮಾಡಿದೆವು. ಈ ಸಲ ನೋಟ್‌ಬುಕ್‌ನಲ್ಲಿ ಎರಡು ಪ್ರಶ್ನೆ: ಸೇವ್ ಯಾರಿಗೆ ಜಾಸ್ತಿ, ರೇಟ್ ಕೇಳೋರು ಯಾರಿಗೆ ಕಡಿಮೆ. ಜೊತೆಗೆ ಒಂದು ನಿಯಮ: ಬೇರೆ ಪೇಜಿನವರು ಹಂಚಿಕೊಂಡರೆ ಆ ಇಡೀ ಜೋಡಿಯನ್ನೇ ಬಿಟ್ಟು, ಇನ್ನೊಂದು ವಾರ ಸೇರಿಸೋದು. ಪಾಪ, ಈ ಸಲ ಯಾರೂ ಹಂಚಿಕೊಳ್ಳಲಿಲ್ಲ.

ಸೇವ್ ವಿಷಯದಲ್ಲಿ ರೇಟ್ 5, ಅಜ್ಜಿ 3. ನಾಣ್ಯ ಚಿಮ್ಮಿದರೆ ನೂರಕ್ಕೆ 73 ಸಲ ಇಷ್ಟು ಅಥವಾ ಇದಕ್ಕಿಂತ ಜಾಸ್ತಿ ಅಂತರ ಬರುತ್ತದೆ. ರೇಟ್ ಕೇಳೋದು ಮಾತ್ರ ಮತ್ತೆ ಎಂಟಕ್ಕೆ ಎಂಟೂ ಜೋಡಿಯಲ್ಲಿ ರೇಟ್ ಪೋಸ್ಟ್‌ಗೇ ಕಡಿಮೆ.

ದುಡ್ಡು ಹಾಕಿ ಜಾಹೀರಾತು ಕೊಡೋರಾದರೆ ದಾರಿ ಇನ್ನೂ ಸುಲಭ. ಮೆಟಾದ ಆಡ್ಸ್ ಮ್ಯಾನೇಜರ್‌ನಲ್ಲಿ ಎ/ಬಿ ಟೆಸ್ಟ್ ಅಂತಲೇ ಇದೆ, ಅದು ಜನರನ್ನು ಎರಡು ಗುಂಪು ಮಾಡಿ ಒಂದೊಂದು ಗುಂಪಿಗೆ ಒಂದೊಂದು ಕ್ಯಾಪ್ಷನ್ ತೋರಿಸುತ್ತದೆ. ಅದನ್ನು ಬಿಟ್ಟು ಒಂದೇ ಆಡ್ ಸೆಟ್‌ನಲ್ಲಿ ಎರಡು ಜಾಹೀರಾತು ಹಾಕಿ ಹೋಲಿಸಬೇಡಿ. ಮೊದಲಿಗೆ ಸ್ವಲ್ಪ ಮುಂದೆ ಕಂಡದ್ದಕ್ಕೇ ಹೆಚ್ಚಿನ ದುಡ್ಡು ಹೋಗಿಬಿಡುತ್ತದೆ, ಇನ್ನೊಂದಕ್ಕೆ ಸರಿಯಾದ ಅವಕಾಶವೇ ಸಿಗಲ್ಲ. ಸಾಮಾನ್ಯ ಪೋಸ್ಟ್‌ನಲ್ಲಿ ಜನರನ್ನು ಹೀಗೆ ಭಾಗ ಮಾಡೋಕಾಗಲ್ಲ, ಇವತ್ತು ಅಜ್ಜಿ ನೋಡಿದವರೇ ನಾಡಿದ್ದು ರೇಟ್ ನೋಡುತ್ತಾರೆ.

ಈಗ ನಮ್ಮ ಎಲ್ಲ ಪೋಸ್ಟ್‌ನಲ್ಲೂ ರೇಟ್ ಮೊದಲ ಸಾಲಿನಲ್ಲಿದೆ. ಅದರಿಂದ ಸೇವ್ ಜಾಸ್ತಿಯಾಗುತ್ತದೆ ಅಂತಲ್ಲ, ಅದು ಗೊತ್ತಾಗಲಿಲ್ಲ. ರಾತ್ರಿ ಹನ್ನೊಂದಕ್ಕೆ "1,850 ರೀ" ಅಂತ ಟೈಪ್ ಮಾಡೋದು ತಪ್ಪಿತು ಅಂತ. ಅಕ್ಕ ಇನ್ನೂ ಒಪ್ಪಿಲ್ಲ. ಯಾರಾದರೂ ಕೇಳಿದರೆ ಆ 11,000ದ ಪೋಸ್ಟ್ ತೆಗೆದು ತೋರಿಸುತ್ತಾಳೆ.